ಯುಎಸ್‌ಡಿಟಿಯಲ್ಲಿ ಲಾಭ, ರೂಪಾಯಿಯಲ್ಲಿ ನಷ್ಟ: ಒಂದೇ ವಹಿವಾಟಿನ ಎರಡು ಲೆಕ್ಕ

ಕ್ರಿಪ್ಟೊ ಆ್ಯಪ್‌ನಲ್ಲಿ 3% ಲಾಭ ಅಂತ ಹಸಿರು ಬಣ್ಣದಲ್ಲಿ ಕಾಣುತ್ತದೆ. ದುಡ್ಡು ಬ್ಯಾಂಕ್ ಖಾತೆಗೆ ಬಂದ ಮೇಲೆ ನೋಡಿದರೆ ಹಾಕಿದ್ದಕ್ಕಿಂತ ಕಡಿಮೆ ಇರುತ್ತದೆ. ಶುಲ್ಕ ಕಡಿದಿರಬೇಕು ಅಂತ ಮೊದಲು ಅನ್ನಿಸುತ್ತದೆ. ಆದರೆ ಶುಲ್ಕ ಒಂದು ರೂಪಾಯಿಯೂ ಇಲ್ಲದಿದ್ದರೂ ಹೀಗಾಗಬಹುದು. ಹೇಗೆ ಅಂತ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ದರಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ಶುಲ್ಕವನ್ನು ಬಿಟ್ಟಿದ್ದೇನೆ.

ನಮ್ಮ ಹತ್ತಿರ 90,000 ರೂಪಾಯಿ ಇದೆ. ಯುಎಸ್‌ಡಿಟಿ ಅಂದರೆ ಒಂದು ಡಾಲರಿನ ಬೆಲೆಗೆ ಸಮನಾಗಿರುವಂತೆ ಮಾಡಿದ ಕ್ರಿಪ್ಟೊ ನಾಣ್ಯ. ಅವತ್ತು ಒಂದು ಯುಎಸ್‌ಡಿಟಿಗೆ 90 ರೂಪಾಯಿ. ಹಾಗಾಗಿ 1,000 ಯುಎಸ್‌ಡಿಟಿ ಸಿಕ್ಕಿತು. ಅದನ್ನು ಕೊಟ್ಟು, ಒಂದಕ್ಕೆ 2,000 ಯುಎಸ್‌ಡಿಟಿ ಬೆಲೆಯಲ್ಲಿ ಅರ್ಧ ಎಥೀರಿಯಂ ನಾಣ್ಯ ಕೊಂಡೆವು. ಕೆಲವು ವಾರ ಇಟ್ಟುಕೊಂಡು 2,060ಕ್ಕೆ ಮಾರಿದೆವು. ಕೈಗೆ 1,030 ಯುಎಸ್‌ಡಿಟಿ ಬಂತು. ಆ್ಯಪ್ ಹೇಳಿದ 3% ಇದೇ, ಅದು ಸುಳ್ಳಲ್ಲ. ಆದರೆ ಅಷ್ಟರಲ್ಲಿ ಯುಎಸ್‌ಡಿಟಿಯ ಬೆಲೆ 87 ರೂಪಾಯಿಗೆ ಇಳಿದಿತ್ತು. 1,030 ಅನ್ನು 87ರಿಂದ ಗುಣಿಸಿದರೆ 89,610. ಅಂದರೆ 390 ರೂಪಾಯಿ ನಷ್ಟ.

ಇಲ್ಲಿ ಎರಡು ಶೇಕಡಾವಾರುಗಳನ್ನು ಸುಮ್ನೆ ಕೂಡಿ ಕಳೆಯಬಾರದು, ಗುಣಿಸಬೇಕು:

```
(1 + ರೂಪಾಯಿ ಲಾಭ) = (1 + ಯುಎಸ್‌ಡಿಟಿ ಲಾಭ) × (ಕೊನೆಯ ದರ ÷ ಮೊದಲ ದರ)
1.03 × (87 ÷ 90) = 0.9957
```

ಈಗ ನಿಜವಾದ ಪ್ರಶ್ನೆ: ಎಥೀರಿಯಂ ಕೊಂಡಿದ್ದು ತಪ್ಪಾಯಿತಾ? ಇದಕ್ಕೆ ಉತ್ತರ ಬೇಕಾದರೆ ಇನ್ನೊಂದು ಲೆಕ್ಕ ಹಾಕಿ. ಏನೂ ಮಾಡದೆ 1,000 ಯುಎಸ್‌ಡಿಟಿಯನ್ನೇ ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತು? 87,000 ರೂಪಾಯಿ. ಅಂದರೆ 3,000 ನಷ್ಟ. ಎಥೀರಿಯಂ ತಂದುಕೊಟ್ಟ 30 ಯುಎಸ್‌ಡಿಟಿಗೆ ಇವತ್ತಿನ ಬೆಲೆಯಲ್ಲಿ 2,610 ರೂಪಾಯಿ. ಮೂರು ಸಾವಿರ ಹೋಯಿತು, ಎರಡು ಸಾವಿರದ ಆರುನೂರ ಹತ್ತು ಬಂತು. ಉಳಿದ 390 ನಮ್ಮ ನಷ್ಟ. ಎಥೀರಿಯಂ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಕೈಕೊಟ್ಟಿದ್ದು ನಾವು ಗಮನಿಸದೇ ಇದ್ದ ಇನ್ನೊಂದು ವಹಿವಾಟು, ಅಂದರೆ ರೂಪಾಯಿ ಬಿಟ್ಟು ಯುಎಸ್‌ಡಿಟಿಗೆ ಹೋದದ್ದು.

ಹೀಗೆ ಬಿಡಿಸಿ ನೋಡುವುದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಯಾಕಂದ್ರೆ ದರ ಉಲ್ಟಾ ಹೋದಾಗ ಮೋಸ ಹೋಗುವುದು ಇನ್ನೂ ಸುಲಭ. ಎಥೀರಿಯಂ 2% ಬಿದ್ದು ನಮಗೆ 980 ಯುಎಸ್‌ಡಿಟಿ ಮಾತ್ರ ಬಂತು, ಆದರೆ ಯುಎಸ್‌ಡಿಟಿ 93ಕ್ಕೆ ಏರಿತು ಅಂದುಕೊಳ್ಳಿ. ಕೈಗೆ 91,140 ಬರುತ್ತದೆ, 1,140 ರೂಪಾಯಿ ಲಾಭ. ಒಳ್ಳೆ ನಾಣ್ಯ ಆರಿಸಿದೆ ಅಂತ ಖುಷಿಯಾಗುತ್ತದೆ. ಆದರೆ ಸುಮ್ಮನೆ ಇಟ್ಟುಕೊಂಡಿದ್ದರೆ 93,000 ಆಗುತ್ತಿತ್ತು. ಆಯ್ಕೆಯಿಂದ ಆದದ್ದು 1,860 ರೂಪಾಯಿ ನಷ್ಟ. ಲಾಭವನ್ನು ಕೊಟ್ಟಿದ್ದು ಬಿದ್ದ ರೂಪಾಯಿ.

ಹಾಗಾಗಿ ನಾನು ಎರಡೂ ಅಳತೆಗಳನ್ನು ಇಟ್ಟುಕೊಳ್ಳುತ್ತೇನೆ, ಬೇರೆ ಬೇರೆ ಪ್ರಶ್ನೆಗೆ. ನಾಣ್ಯದ ಆಯ್ಕೆ ಸರಿಯಿತ್ತಾ ಅಂತ ಕೇಳಿದರೆ ಯುಎಸ್‌ಡಿಟಿ ಲೆಕ್ಕ. ಮನೆಯ ದುಡ್ಡು ಬೆಳೆಯಿತಾ ಅಂತ ಕೇಳಿದರೆ ರೂಪಾಯಿ ಲೆಕ್ಕ. ಬಾಡಿಗೆ, ದಿನಸಿ, ಸಾಲದ ಕಂತು ಎಲ್ಲ ರೂಪಾಯಿಯಲ್ಲೇ ಕಟ್ಟುವವರಿಗೆ ಕೊನೆಯ ಮಾತು ಎರಡನೆಯದೇ. ದುಬೈನಲ್ಲಿ ಕೆಲಸ ಮಾಡುವ ನಮ್ಮವರ ವಿಷಯ ಸ್ವಲ್ಪ ಬೇರೆ. ದಿರ್ಹಮ್ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ ನಾಣ್ಯ. ಅಲ್ಲೇ ದುಡಿದು ಅಲ್ಲೇ ಖರ್ಚು ಮಾಡುವವರಿಗೆ ಯುಎಸ್‌ಡಿಟಿ ಲೆಕ್ಕವೂ ದಿರ್ಹಮ್ ಲೆಕ್ಕವೂ ಹೆಚ್ಚುಕಮ್ಮಿ ಒಂದೇ ಬರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ: ಯಾವ ದರ ಹಿಡಿಯಬೇಕು? ಹೆಚ್ಚಿನವರು ಗೂಗಲ್‌ನಲ್ಲಿ ಡಾಲರ್ ಬೆಲೆ ನೋಡಿ ಗುಣಿಸಿಬಿಡುತ್ತಾರೆ. ಆದರೆ ಯುಎಸ್‌ಡಿಟಿ ಭಾರತದಲ್ಲಿ ಸಾಮಾನ್ಯವಾಗಿ ಡಾಲರ್ ಬೆಲೆಗಿಂತ ಕೆಲವು ರೂಪಾಯಿ ಮೇಲೆಯೇ ಮಾರಾಟವಾಗುತ್ತದೆ. ಹೊರಗಿನಿಂದ ಅದನ್ನು ತರುವುದು ಕಷ್ಟ, ಇಲ್ಲಿ ಕೇಳುವವರು ಜಾಸ್ತಿ. ಈ ಹೆಚ್ಚುವರಿಯನ್ನು ಪ್ರೀಮಿಯಂ ಅನ್ನುತ್ತಾರೆ, ಮತ್ತು ಅದು ನಿಂತಲ್ಲಿ ನಿಲ್ಲುವುದಿಲ್ಲ.

ನಮ್ಮ ಉದಾಹರಣೆಯಲ್ಲೇ, ಕೊಂಡಾಗ ಡಾಲರ್ 86 ರೂಪಾಯಿ, ಯುಎಸ್‌ಡಿಟಿ 90. ಪ್ರೀಮಿಯಂ 4 ರೂಪಾಯಿ. ಮಾರಿದಾಗ ಡಾಲರ್ 85.50, ಯುಎಸ್‌ಡಿಟಿ 87. ಪ್ರೀಮಿಯಂ ಒಂದೂವರೆ ರೂಪಾಯಿ. ಮೂರು ರೂಪಾಯಿ ಇಳಿಕೆಯಲ್ಲಿ ಡಾಲರಿನ ಪಾಲು ಬರೀ ಐವತ್ತು ಪೈಸೆ. ಉಳಿದ ಎರಡೂವರೆ ಪ್ರೀಮಿಯಂ ಕರಗಿದ್ದು. ಈಗ ಡಾಲರ್ ದರ ಹಿಡಿದು ಲೆಕ್ಕ ಹಾಕಿದರೆ ಹಾಕಿದ್ದು 86,000, ಬಂದದ್ದು 88,065, ಲಾಭ 2,065. ಬ್ಯಾಂಕ್ ಖಾತೆಯಲ್ಲಿ ಮಾತ್ರ 390 ನಷ್ಟ. ನಿಮ್ಮ ಲೆಕ್ಕದ ಹಾಳೆಯಲ್ಲಿ ಮೊದಲ ಸಾಲಿನ ಮೊತ್ತ ನೀವು ಬ್ಯಾಂಕಿನಿಂದ ಕಳಿಸಿದ ಮೊತ್ತಕ್ಕೆ ತಾಳೆಯಾಗದಿದ್ದರೆ ಇದೇ ತಪ್ಪು ಆಗಿದೆ ಅಂತ ತಿಳಿಯಿರಿ. ಇಲ್ಲಿ 90,000 ಇರಬೇಕಾದ ಕಡೆ 86,000 ಇದೆ, ಅಲ್ವಾ? ಕೊಳ್ಳುವಾಗ ನಿಜವಾಗಿ ಕೊಟ್ಟ ಬೆಲೆ, ಮಾರುವಾಗ ನಿಜವಾಗಿ ಸಿಗುವ ಬೆಲೆ, ಇವೆರಡೇ ಸರಿಯಾದ ದರ.

ತೆರಿಗೆಯ ವಿಷಯದಲ್ಲಿ ದಿನಾಂಕವೂ ಸೇರಿಕೊಳ್ಳುತ್ತದೆ. ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 115ಬಿಬಿಎಚ್ ಸೆಕ್ಷನ್ 2022ರ ಏಪ್ರಿಲ್ 1ರಿಂದ ಇಂಥ ಆಸ್ತಿಗಳ ಲಾಭಕ್ಕೆ 30% ತೆರಿಗೆ ಹಾಕಿತು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅದು ಬಿಡಲಿಲ್ಲ. ಎಥೀರಿಯಂ ಕೊಟ್ಟು ಯುಎಸ್‌ಡಿಟಿ ತೆಗೆದುಕೊಂಡರೂ ಅದು ಒಂದು ಮಾರಾಟವೇ, ಆ ದಿನದ ರೂಪಾಯಿ ಬೆಲೆಯಲ್ಲಿ.

ಎಥೀರಿಯಂ ಮಾರಿದ ದಿನ ಯುಎಸ್‌ಡಿಟಿ 91 ಇತ್ತು, ರೂಪಾಯಿಗೆ ಬದಲಾಯಿಸಲು ಎರಡು ತಿಂಗಳು ಕಾದೆವು, ಅಷ್ಟರಲ್ಲಿ 87 ಆಯಿತು ಅನ್ನಿ. ಮೊದಲ ಮಾರಾಟದಲ್ಲಿ ಬಂದದ್ದು 93,730 ಮೌಲ್ಯ, ಲಾಭ 3,730. ಎರಡನೆಯದರಲ್ಲಿ 89,610, ನಷ್ಟ 4,120. ಒಟ್ಟಾರೆ ನಮಗೆ ಅದೇ 390 ನಷ್ಟ. ಆದರೆ ಆ 3,730ಕ್ಕೆ 30%, ಅಂದರೆ 1,119 ರೂಪಾಯಿ ತೆರಿಗೆ, ಅದರ ಮೇಲೆ 4% ಸೆಸ್ ಕಟ್ಟಬೇಕು. ಸೇರಿಸಿದರೆ ಸುಮಾರು 1,164. ನಷ್ಟದ ವಹಿವಾಟಿಗೆ ತೆರಿಗೆ ಕಟ್ಟಿ ಕೊನೆಗೆ ಸುಮಾರು 1,554 ರೂಪಾಯಿ ಕೈಬಿಟ್ಟ ಹಾಗಾಯಿತು. ಎಥೀರಿಯಂ ಮಾರಿದ ದಿನವೇ ಯುಎಸ್‌ಡಿಟಿಯನ್ನೂ 91ಕ್ಕೆ ಮಾರಿದ್ದರೆ ಅದೇ ತೆರಿಗೆ ಕಟ್ಟಿಯೂ ಎರಡೂವರೆ ಸಾವಿರದಷ್ಟು ಉಳಿಯುತ್ತಿತ್ತು.

ನನ್ನ ಹಾಳೆಯಲ್ಲಿ ಈಗ ಪ್ರತಿ ವಹಿವಾಟಿಗೂ ಒಂದು ಸಾಲು: ದಿನಾಂಕ ಮತ್ತು ಸಮಯ, ಎಷ್ಟು ಯುಎಸ್‌ಡಿಟಿ, ಆ ಹೊತ್ತಿಗೆ ಅದಕ್ಕೆ ಕೊಟ್ಟ ಅಥವಾ ಮಾರಿದರೆ ಸಿಗುವ ರೂಪಾಯಿ ಬೆಲೆ, ಪಕ್ಕದಲ್ಲಿ ಡಾಲರ್ ದರ. ನಾಣ್ಯದಿಂದ ನಾಣ್ಯಕ್ಕೆ ಬದಲಾಯಿಸಿದಾಗಲೂ ರೂಪಾಯಿ ಬೆಲೆಯನ್ನು ಅಲ್ಲೇ ಬರೆದುಕೊಳ್ಳುತ್ತೇನೆ. ಆರು ತಿಂಗಳು ಬಿಟ್ಟು ಹುಡುಕಿದರೆ ಡಾಲರ್ ದರ ಎಲ್ಲಿ ಬೇಕಾದರೂ ಸಿಗುತ್ತದೆ, ಆ ದಿನದ ಯುಎಸ್‌ಡಿಟಿಯ ರೂಪಾಯಿ ಬೆಲೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.