ನೋಯದ ಗಂಟಿಗೆ ಸೂಜಿ ಪರೀಕ್ಷೆ ಸಾಕಾಗುವುದಿಲ್ಲ ಏಕೆ?

ಕುತ್ತಿಗೆಯಲ್ಲಿ ಗಂಟು ಕಂಡರೆ ಮನೆಯವರು ಮೊದಲು ಕೇಳುವುದು "ನೋವಿದೆಯಾ?" ಅಂತ. ಇಲ್ಲ ಅಂದರೆ ಎಲ್ಲರಿಗೂ ನಿರಾಳ. ನೋವಿಲ್ಲ ಅಂದಮೇಲೆ ಭಯವಿಲ್ಲ ಅನ್ನುವ ಈ ನಂಬಿಕೆ ದುಗ್ಧಗ್ರಂಥಿಗಳ, ಅಂದರೆ ಲಿಂಫ್ ನೋಡ್‌ಗಳ ವಿಷಯದಲ್ಲಿ ತಪ್ಪು. ಅದರಿಂದ ತಿಂಗಳುಗಟ್ಟಲೆ ಸಮಯ ಹಾಳಾಗುತ್ತದೆ.

ಗಂಟಲು ಕೆಟ್ಟಾಗ ದವಡೆಯ ಕೆಳಗಿನ ಗ್ರಂಥಿ ಒಂದೆರಡು ದಿನದಲ್ಲೇ ಊದುತ್ತದೆ. ಗ್ರಂಥಿಯ ಸುತ್ತ ಒಂದು ತೆಳು ಪೊರೆ ಇದೆ. ಅದು ಇದ್ದಕ್ಕಿದ್ದಂತೆ ಬಿಗಿಯುತ್ತದೆ. ಜೊತೆಗೆ ಸೋಂಕಿನ ಜಾಗದಲ್ಲಿ ಹುಟ್ಟುವ ರಾಸಾಯನಿಕಗಳು ನರದ ತುದಿಗಳನ್ನು ಕೆಣಕುತ್ತವೆ. ಅದಕ್ಕೇ ಮುಟ್ಟಿದರೆ ನೋವು. ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್‌ನಲ್ಲಿ ಗ್ರಂಥಿ ಸಾಮಾನ್ಯವಾಗಿ ವಾರಗಳು, ತಿಂಗಳುಗಳಲ್ಲಿ ಬೆಳೆಯುತ್ತದೆ. ಪೊರೆಗೆ ನಿಧಾನವಾಗಿ ಹಿಗ್ಗಲು ಸಮಯ ಸಿಗುತ್ತದೆ, ನರಗಳನ್ನು ಕೆಣಕುವಂಥದ್ದೂ ಜಾಸ್ತಿ ಇರುವುದಿಲ್ಲ. ಕೈಗೆ ಸಿಗುವುದು ನೋಯದ, ರಬ್ಬರಿನ ಹಾಗೆ ಒತ್ತಿದರೆ ಒತ್ತಿಕೊಳ್ಳುವ ಗಂಟು.

ಹಾಗಂತ ಪ್ರತಿ ಗಂಟಿಗೂ ಹೆದರಬೇಕಿಲ್ಲ. ಊದಿದ ಗ್ರಂಥಿಗಳಲ್ಲಿ ಬಹುಪಾಲು ಸೋಂಕಿನಿಂದ ಬಂದವು, ತಾವಾಗಿಯೇ ಇಳಿಯುತ್ತವೆ. ನಾಲ್ಕರಿಂದ ಆರು ವಾರ ಕಳೆದರೂ ಇಳಿಯದ ಗಂಟು, ಬೆಳೆಯುತ್ತಲೇ ಇರುವ ಗಂಟು, ಕಾಲರ್ ಬೋನ್‌ನ ಮೇಲಿನ ಕುಳಿಯಲ್ಲಿ ಕಾಣಿಸಿಕೊಂಡ ಗಂಟು, ಇವುಗಳ ಬಗ್ಗೆ ಮಾತ್ರ ಸುಮ್ನೆ ಇರಬಾರದು. ಅದರಲ್ಲೂ ಆ ಕುಳಿಯ ಗಂಟು ಎಷ್ಟೇ ಚಿಕ್ಕದಿರಲಿ, ಪರೀಕ್ಷೆ ಆಗಲೇಬೇಕು. ಈ ಗ್ರಂಥಿಗಳ ಮೂಲಕ ಹರಿಯುವ ದ್ರವವಾದ ದುಗ್ಧರಸ ಎದೆ ಮತ್ತು ಹೊಟ್ಟೆಯ ಒಳಗಿನಿಂದ ಬಂದು ಆ ಜಾಗವನ್ನು ಹಾದು ಹೋಗುತ್ತದೆ, ಹಾಗಾಗಿ ಒಳಗಿನ ಕಾಯಿಲೆ ಅಲ್ಲಿ ಕಾಣಿಸಿಕೊಳ್ಳಬಹುದು.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಇಪ್ಪತ್ತಾರು ವರ್ಷದ ಹುಡುಗಿ. ಎಡಗಡೆ ಕಾಲರ್ ಬೋನ್ ಮೇಲೆ ಎರಡೂವರೆ ಸೆಂಟಿಮೀಟರ್ ಗಂಟು, ಮೂರು ತಿಂಗಳಿಂದ ಇದೆ. ಜ್ವರ ಇಲ್ಲ, ತೂಕ ಇಳಿದಿಲ್ಲ. ಎರಡು ಸಲ ಆ್ಯಂಟಿಬಯಾಟಿಕ್ ತಗೊಂಡಾಯಿತು, ಗಂಟು ಇಳಿಯಲಿಲ್ಲ. ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿ ಚುಚ್ಚಿ ಜೀವಕೋಶ ಎಳೆಯುವ ಪರೀಕ್ಷೆ ಮಾಡಿದರು. "ರಿಯಾಕ್ಟಿವ್" ಅಂತ ರಿಪೋರ್ಟ್ ಬಂತು. ಗ್ರಂಥಿ ಯಾವುದೋ ಸೋಂಕಿಗೆ ಪ್ರತಿಕ್ರಿಯಿಸುತ್ತಿದೆ, ಕ್ಯಾನ್ಸರ್ ಕಾಣಿಸಿಲ್ಲ ಅಂತ ಅದರ ಅರ್ಥ. ಮನೆಯಲ್ಲಿ ಎಲ್ಲರೂ ನೆಮ್ಮದಿಯಾದರು.

ಎಷ್ಟೋ ಪ್ರಕರಣಗಳು ದಾರಿ ತಪ್ಪುವುದು ಈ ಹಂತದಲ್ಲೇ. ಈ ಹುಡುಗಿಗೆ ಇರುವುದು ಹಾಡ್ಜ್‌ಕಿನ್ ಲಿಂಫೋಮಾ ಅಂದುಕೊಳ್ಳಿ. ಈ ಕಾಯಿಲೆಯಲ್ಲಿ ಊದಿದ ಗಂಟಿನ ಒಳಗೆ ನಿಜವಾದ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ನೂರಕ್ಕೆ ಒಂದೂ ಇರುವುದಿಲ್ಲ. ಉಳಿದವೆಲ್ಲ ಆರೋಗ್ಯವಂತ ಬಿಳಿ ರಕ್ತಕಣಗಳು ಮತ್ತು ನಾರು. ಆ ಕೆಲವೇ ಕೋಶಗಳು ರಾಸಾಯನಿಕ ಸಂದೇಶ ಕಳಿಸಿ ಈ ಒಳ್ಳೆಯ ಕಣಗಳನ್ನು ತಮ್ಮ ಸುತ್ತ ಕರೆಸಿಕೊಳ್ಳುತ್ತವೆ, ಅವುಗಳ ನಡುವೆ ಬದುಕುತ್ತವೆ. ಗಂಟು ದೊಡ್ಡದಾಗುವುದೇ ಹೀಗೆ ಬಂದು ಸೇರಿದವರಿಂದ. ನನಗೆ ಇಡೀ ಕ್ಯಾನ್ಸರ್ ವಿಜ್ಞಾನದಲ್ಲೇ ಇಷ್ಟು ವಿಚಿತ್ರವಾದ ಸಂಗತಿ ಇನ್ನೊಂದಿಲ್ಲ ಅನಿಸುತ್ತದೆ. ಸೂಜಿಯ ತುದಿಗೆ ಬರುವ ಒಂದಷ್ಟು ಕೋಶಗಳಲ್ಲಿ ಆ ನೂರಕ್ಕೊಂದು ಸಿಗದೇ ಹೋಗುವುದು ತೀರಾ ಸಹಜ, ಅಲ್ವಾ?

ಸಿಕ್ಕರೂ ಸಾಲದು. ಲಿಂಫೋಮಾದಲ್ಲಿ ಹಲವಾರು ಬಗೆಗಳಿವೆ. ಅವುಗಳನ್ನು ಬೇರೆ ಮಾಡಲು ಕೋಶದ ಆಕಾರದಷ್ಟೇ ಅವು ಗ್ರಂಥಿಯೊಳಗೆ ಹೇಗೆ ಜೋಡಿಸಿಕೊಂಡಿವೆ ಅನ್ನುವುದೂ ಗೊತ್ತಿರಬೇಕು. ಒಂದು ಬಗೆಯಲ್ಲಿ ಅವು ದುಂಡನೆಯ ಗುಂಪುಗಳಾಗಿರುತ್ತವೆ, ಇನ್ನೊಂದರಲ್ಲಿ ಇಡೀ ಗ್ರಂಥಿಯಲ್ಲಿ ಹರಡಿಕೊಂಡಿರುತ್ತವೆ, ಮತ್ತೊಂದರಲ್ಲಿ ದಪ್ಪ ನಾರಿನ ಪಟ್ಟಿಗಳು ಗ್ರಂಥಿಯನ್ನು ತುಂಡು ತುಂಡಾಗಿ ಭಾಗ ಮಾಡಿರುತ್ತವೆ. ಸೂಜಿ ಎಳೆದ ಕೋಶಗಳಲ್ಲಿ ಈ ಜೋಡಣೆ ಉಳಿಯುವುದಿಲ್ಲ. ಗೋಡೆಯಿಂದ ಕಿತ್ತ ನಾಲ್ಕು ಇಟ್ಟಿಗೆ ನೋಡಿ ಮನೆಯಲ್ಲಿ ಎಷ್ಟು ಕೋಣೆ ಇತ್ತು ಅಂತ ಹೇಳಲು ಆಗುತ್ತದೆಯೇ? ಅದಕ್ಕೇ ಸಾಧ್ಯವಿದ್ದಾಗಲೆಲ್ಲ ಒಂದು ಗ್ರಂಥಿಯನ್ನು ಪೊರೆ ಸಮೇತ ಪೂರ್ತಿ ತೆಗೆದು ನೋಡಬೇಕು. ಇದು ಎಕ್ಸಿಷನ್ ಬಯಾಪ್ಸಿ. ಗ್ರಂಥಿ ಎದೆಯ ಅಥವಾ ಹೊಟ್ಟೆಯ ಆಳದಲ್ಲಿದ್ದರೆ ದಪ್ಪ ಸೂಜಿಯಿಂದ ಎಳೆಯಂಥ ತುಂಡುಗಳನ್ನು ತೆಗೆಯುತ್ತಾರೆ. ಎಫ್‌ಎನ್‌ಎಸಿಯಲ್ಲಿ "ಏನೂ ಇಲ್ಲ" ಅಂತ ಬಂದು ಗಂಟು ಹಾಗೇ ಉಳಿದಿದ್ದರೆ, ಆ ರಿಪೋರ್ಟನ್ನು ಕೊನೆಯ ಮಾತು ಅಂದುಕೊಳ್ಳಬಾರದು.

ಈ ಕಾಯಿಲೆಯ ಚರಿತ್ರೆಯೂ ಇದನ್ನೇ ತೋರಿಸುತ್ತದೆ. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಗ್ರಂಥಿಗಳೂ ಹೊಟ್ಟೆಯ ಎಡಭಾಗದ ಗುಲ್ಮವೂ ದೊಡ್ಡದಾಗಿ ಸತ್ತವರ ಬಗ್ಗೆ ಬರೆದರು. ಅವರು ನೋಡಿದ್ದು ಬರಿಗಣ್ಣಿನಿಂದ. 1865ರಲ್ಲಿ ಸ್ಯಾಮ್ಯುಯೆಲ್ ವಿಲ್ಕ್ಸ್ ಈ ಕಾಯಿಲೆಗೆ ಹಾಡ್ಜ್‌ಕಿನ್ ಹೆಸರಿಟ್ಟರು. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಮೈಕ್ರೋಸ್ಕೋಪಿನಲ್ಲಿ ಈ ಕಾಯಿಲೆಯ ದೈತ್ಯ ಕೋಶಗಳನ್ನು ವರ್ಣಿಸಿದರು, ಆದರೆ ಇದು ಕ್ಷಯದ ಒಂದು ವಿಚಿತ್ರ ರೂಪ ಅಂದುಕೊಂಡರು. 1902ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ಡೊರೊತಿ ರೀಡ್ ಅದೇ ಕೋಶಗಳನ್ನು ಚಿತ್ರಿಸಿ, ಇದು ಕ್ಷಯವಲ್ಲ, ಬೇರೆಯೇ ಕಾಯಿಲೆ ಅಂತ ವಾದಿಸಿದರು. ಎರಡು ಕಣ್ಣಿನ ಹಾಗೆ ಕಾಣುವ ಆ ಕೋಶಕ್ಕೆ ಇವತ್ತು ರೀಡ್-ಸ್ಟರ್ನ್‌ಬರ್ಗ್ ಕೋಶ ಅಂತಲೇ ಹೆಸರು. ಸ್ಟರ್ನ್‌ಬರ್ಗ್ ಮಾಡಿದ ತಪ್ಪು ಇವತ್ತಿಗೂ ನಡೆಯುತ್ತದೆ. ಕ್ಷಯ ಜಾಸ್ತಿ ಇರುವ ಕಡೆ ಕುತ್ತಿಗೆಯ ನೋಯದ ಗಂಟಿಗೆ ಬಯಾಪ್ಸಿ ಮಾಡದೆಯೇ ಕ್ಷಯದ ಮಾತ್ರೆ ಶುರುಮಾಡುವುದುಂಟು. ಕ್ಷಯದ ಗಂಟೂ ನೋಯದೇ ಇರಬಹುದು, ಸಂಜೆ ಜ್ವರ, ಬೆವರು, ತೂಕ ಇಳಿಯುವುದು ಎರಡರಲ್ಲೂ ಉಂಟು. ಹೊರಗಿನಿಂದ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

ಆದ್ದರಿಂದ ತೆಗೆದ ಗ್ರಂಥಿ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಮುಖ್ಯ. ಇಡೀ ತುಂಡನ್ನು ಫಾರ್ಮಲಿನ್‌ಗೆ ಹಾಕಿದರೆ ಕ್ಷಯದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಲು ಆಗುವುದಿಲ್ಲ, ಫಾರ್ಮಲಿನ್‌ನಲ್ಲಿ ಬ್ಯಾಕ್ಟೀರಿಯಾ ಸಾಯುತ್ತವೆ. ಒಂದು ಚೂರನ್ನು ಸಲೈನ್‌ನಲ್ಲಿ ಬೇರೆಯಾಗಿ ಕಳಿಸಬೇಕು. ಅದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ: ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಕೊಡಬಾರದು. ಸ್ಟೀರಾಯ್ಡ್ ಲಿಂಫೋಮಾ ಕೋಶಗಳನ್ನು ಕೊಲ್ಲುತ್ತದೆ. ಗಂಟು ಇಳಿದು ಎಲ್ಲರಿಗೂ ಖುಷಿಯಾಗುತ್ತದೆ, ಆಮೇಲೆ ತೆಗೆದ ತುಂಡಿನಲ್ಲಿ ಗುರುತು ಹಿಡಿಯಲು ಏನೂ ಉಳಿದಿರುವುದಿಲ್ಲ. ಕೆಲವು ತಿಂಗಳಲ್ಲಿ ಕಾಯಿಲೆ ಮರಳಿ ಬರುತ್ತದೆ. ಉಸಿರಾಟಕ್ಕೆ ತೊಂದರೆಯಾಗುವಂಥ ತುರ್ತು ಇದ್ದರೆ ಮಾತು ಬೇರೆ.

"ಚಾಕು ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ" ಅನ್ನುವ ಹೆದರಿಕೆಯಿಂದ ಬಯಾಪ್ಸಿ ಬೇಡ ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಲಿಂಫೋಸೈಟ್ ಅನ್ನುವ ಕಣದ ಕೆಲಸವೇ ರಕ್ತ ಮತ್ತು ದುಗ್ಧರಸದಲ್ಲಿ ಊರೆಲ್ಲ ಸುತ್ತುವುದು. ಲಿಂಫೋಮಾ ಹುಟ್ಟುವುದು ಆ ಕಣದಿಂದಲೇ. ಹರಡಲು ಅದಕ್ಕೆ ಚಾಕುವಿನ ಸಹಾಯ ಬೇಕಿಲ್ಲ. ಮೇಲಾಗಿ ಇಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ರೋಗ ತೆಗೆಯಲು ಅಲ್ಲ, ರೋಗದ ಹೆಸರು ತಿಳಿಯಲು.

ನಮ್ಮ ಹುಡುಗಿಗೆ ಕೊನೆಗೂ ಗ್ರಂಥಿ ತೆಗೆದರು. ನಾರಿನ ಪಟ್ಟಿಗಳ ನಡುವೆ ರೀಡ್-ಸ್ಟರ್ನ್‌ಬರ್ಗ್ ಜಾತಿಯ ಕೋಶಗಳು. ಅವುಗಳ ಮೇಲೆ ಸಿಡಿ30, ಸಿಡಿ15 ಎಂಬ ಗುರುತುಗಳಿಗೆ ಬಣ್ಣ ಹಿಡಿಯಿತು. ಇದು ನಾಡ್ಯುಲಾರ್ ಸ್ಕ್ಲೆರೋಸಿಸ್ ಬಗೆಯ ಹಾಡ್ಜ್‌ಕಿನ್.

ಹೆಸರು ಗೊತ್ತಾದ ಮೇಲೆ ಎಲ್ಲೆಲ್ಲಿ ಇದೆ ಅಂತ ನೋಡಬೇಕು. 1960ರ, 70ರ ದಶಕಗಳಲ್ಲಿ ಇದಕ್ಕಾಗಿಯೇ ಹೊಟ್ಟೆ ಕೊಯ್ದು ಗುಲ್ಮವನ್ನು ತೆಗೆದು ಪರೀಕ್ಷಿಸುತ್ತಿದ್ದರು. ಈಗ ಪೆಟ್-ಸಿಟಿ ಸ್ಕ್ಯಾನ್ ಸಾಕು. ವಿಕಿರಣದ ಗುರುತು ಹಾಕಿದ ಸಕ್ಕರೆಯಂಥ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದನ್ನು ಜಾಸ್ತಿ ಹೀರಿಕೊಂಡ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಹಾಡ್ಜ್‌ಕಿನ್‌ನಲ್ಲಿ ಈ ಸ್ಕ್ಯಾನ್ ಮಾಡಿದ್ದರೆ ಮೂಳೆ ಮಜ್ಜೆಯ ಬಯಾಪ್ಸಿ ಕೂಡ ಸಾಮಾನ್ಯವಾಗಿ ಬೇಕಾಗುವುದಿಲ್ಲ.

1971ರಲ್ಲಿ ಆ್ಯನ್ ಆರ್ಬರ್‌ನಲ್ಲಿ ರೂಪಿಸಿದ ಹಂತಗಳೇ ಸುಧಾರಣೆಗೊಂಡು ಈಗಲೂ ಬಳಕೆಯಲ್ಲಿವೆ. ಒಂದೇ ಕಡೆಯ ಗ್ರಂಥಿಗಳಲ್ಲಿದ್ದರೆ ಮೊದಲ ಹಂತ. ಎರಡು ಅಥವಾ ಹೆಚ್ಚು ಕಡೆ ಇದ್ದು, ಎಲ್ಲವೂ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯ ಒಂದೇ ಬದಿಗಿದ್ದರೆ ಎರಡನೆಯದು. ವಪೆಯ ಮೇಲೂ ಕೆಳಗೂ ಇದ್ದರೆ ಮೂರನೆಯದು. ಲಿವರ್, ಮೂಳೆ ಮಜ್ಜೆಯಂಥ ಕಡೆ ಹರಡಿದ್ದರೆ ನಾಲ್ಕನೆಯದು. ಇದರ ಜೊತೆ ಒಂದು ಅಕ್ಷರ ಸೇರುತ್ತದೆ. 38 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ, ಬಟ್ಟೆ ಹಾಸಿಗೆ ನೆನೆಯುವಷ್ಟು ರಾತ್ರಿ ಬೆವರು, ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಕೆ, ಇವುಗಳಲ್ಲಿ ಯಾವುದಾದರೂ ಕಾರಣವಿಲ್ಲದೆ ಇದ್ದರೆ ಬಿ, ಇಲ್ಲದಿದ್ದರೆ ಎ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ನಾಲ್ಕನೇ ಹಂತ ಅಂದರೆ ಎಲ್ಲ ಮುಗಿಯಿತು ಅಂತ ಜನ ತಿಳಿಯುತ್ತಾರೆ. ಶ್ವಾಸಕೋಶ, ಜಠರದ ಕ್ಯಾನ್ಸರ್‌ಗಳಿಂದ ಬಂದ ಭಯ ಅದು. ಹಾಡ್ಜ್‌ಕಿನ್‌ನಲ್ಲಿ ನಾಲ್ಕನೇ ಹಂತದಲ್ಲಿ ಬಂದವರಲ್ಲೂ ಹೆಚ್ಚಿನವರು ಗುಣವಾಗುತ್ತಾರೆ. ರಕ್ತದಲ್ಲಿ ಹೋಗುವ ಔಷಧಿ ಕಾಯಿಲೆ ಇರುವಲ್ಲೆಲ್ಲ ತಲುಪುತ್ತದೆ. ಎಷ್ಟು ಔಷಧಿ, ರೇಡಿಯೇಷನ್ ಬೇಕೇ ಬೇಡವೇ ಅನ್ನುವುದನ್ನು ಹಂತ ನಿರ್ಧರಿಸುತ್ತದೆ.

ಹುಡುಗಿಯ ಸ್ಕ್ಯಾನ್‌ನಲ್ಲಿ ಎರಡು ಕಡೆ ಹೊಳೆಯಿತು, ಕುತ್ತಿಗೆ ಮತ್ತು ಎದೆಯ ನಡುಭಾಗ. ಎರಡೂ ವಪೆಯ ಮೇಲೆ, ಆದ್ದರಿಂದ ಹಂತ ಎರಡು ಎ. ಎದೆಯ ಗಡ್ಡೆ ಎದೆಯ ಅಗಲದ ಮೂರನೇ ಒಂದು ಭಾಗಕ್ಕಿಂತ ಚಿಕ್ಕದು, ಉರಿಯೂತವನ್ನು ತೋರಿಸುವ ರಕ್ತದ ಇಎಸ್‌ಆರ್ 34. ಬಿ ಲಕ್ಷಣ ಇಲ್ಲದವರಿಗೆ 50ರ ಕೆಳಗಿದ್ದರೆ ಅದು ಒಳ್ಳೆಯ ಗುಂಪು. ಜರ್ಮನಿಯ ಹಾಡ್ಜ್‌ಕಿನ್ ಅಧ್ಯಯನ ತಂಡ 2010ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಇಂಥವರಿಗೆ ಎಬಿವಿಡಿ ಎಂಬ ನಾಲ್ಕು ಔಷಧಿಗಳ ಎರಡು ಸುತ್ತು, ಆಮೇಲೆ 20 ಗ್ರೇ ಪ್ರಮಾಣದ ರೇಡಿಯೇಷನ್ ಸಾಕು. ನಾಲ್ಕು ಸುತ್ತು ಮತ್ತು 30 ಗ್ರೇ ಕೊಟ್ಟವರಿಗೂ ಇದಕ್ಕಿಂತ ಹೆಚ್ಚಿನ ಲಾಭ ಆಗಲಿಲ್ಲ. ಒಂದು ಸುತ್ತು ಅಂದರೆ ನಾಲ್ಕು ವಾರ, ಅದರಲ್ಲಿ ಎರಡು ಸಲ ಡ್ರಿಪ್. ಶುರುವಿಗೆ ಮೊದಲು ಹೃದಯ ಮತ್ತು ಶ್ವಾಸಕೋಶದ ಪರೀಕ್ಷೆ ಆಗಬೇಕು, ಮುಂದೆ ಮಕ್ಕಳಾಗುವ ಬಗ್ಗೆಯೂ ಮಾತಾಡಿಕೊಳ್ಳಬೇಕು.

ಅದೇ ಸ್ಕ್ಯಾನ್‌ನಲ್ಲಿ ಗುಲ್ಮವೂ ಹೊಳೆದಿದ್ದರೆ ಹಂತ ಮೂರು. ಎಬಿವಿಡಿಯದೇ ದಾರಿ ಹಿಡಿದರೆ ಆರು ಸುತ್ತು. ಎರಡು ಸುತ್ತಾದ ಮೇಲೆ ಮತ್ತೆ ಪೆಟ್ ಮಾಡುತ್ತಾರೆ. ಹೊಳಪು ಹೋಗಿದ್ದರೆ ಎಬಿವಿಡಿಯ ನಾಲ್ಕರಲ್ಲಿ ಒಂದಾದ ಬ್ಲಿಯೋಮೈಸಿನ್ ಔಷಧಿಯನ್ನು ಕೈಬಿಡಬಹುದು. ಅದು ಶ್ವಾಸಕೋಶಕ್ಕೆ ಹಾನಿ ಮಾಡುವ ಔಷಧಿ. ಬಿಟ್ಟರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿರುತ್ತದೆ ಅಂತ 2016ರಲ್ಲಿ ತಿಳಿದುಬಂತು. ಹೊಳಪು ಉಳಿದಿದ್ದರೆ ಚಿಕಿತ್ಸೆಯನ್ನು ಬಿಗಿ ಮಾಡುತ್ತಾರೆ. ಬಯಾಪ್ಸಿಯಲ್ಲಿ ಕಂಡ ಸಿಡಿ30 ಗುರುತನ್ನೇ ಹುಡುಕಿಕೊಂಡು ಹೋಗಿ ಆ ಕೋಶದೊಳಗೆ ವಿಷ ಸೇರಿಸುವ ಬ್ರೆಂಟುಕ್ಸಿಮಾಬ್ ಎಂಬ ಔಷಧಿಯೂ ಈಗ ಇದೆ.

ಚಿಕಿತ್ಸೆ ಮುಗಿದ ಮೇಲೂ ಎದೆಯಲ್ಲಿ ಒಂದು ಉಂಡೆ ಉಳಿಯುವುದು ಸಾಮಾನ್ಯ. ಕ್ಯಾನ್ಸರ್ ಕೋಶಗಳು ಸತ್ತರೂ ನಾರು ಕರಗುವುದಿಲ್ಲ. ಸಾದಾ ಸಿಟಿ ಸ್ಕ್ಯಾನ್‌ಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, ಪೆಟ್‌ಗೆ ತಿಳಿಯುತ್ತದೆ. ಹೊಳೆಯದಿದ್ದರೆ ಅದು ಬರೀ ಗಾಯದ ಗುರುತು, ಬಿಟ್ಟುಬಿಡಬಹುದು. ವರ್ಷಗಳ ನಂತರ ಹೊಸದಾಗಿ ಏನಾದರೂ ಹೊಳೆದರೆ ಮಾತ್ರ ಸ್ಕ್ಯಾನ್ ನಂಬಿ ಔಷಧಿ ಶುರುಮಾಡಬಾರದು. ಸೋಂಕು, ಉರಿಯೂತಗಳೂ ಅದೇ ಸಕ್ಕರೆಯನ್ನು ಹೀರಿಕೊಂಡು ಹೊಳೆಯುತ್ತವೆ. ಆಗ ಇನ್ನೊಮ್ಮೆ ಬಯಾಪ್ಸಿ ಮಾಡಿಯೇ ಮುಂದೆ ಹೋಗಬೇಕು.