ಒಂದೇ ತಂತಿ, ಗಡಿಯಾರವಿಲ್ಲ: ಎಲ್‌ಇಡಿ ಸ್ಟ್ರಿಪ್‌ಗೆ ಹೊತ್ತು ಕಾಯುವವರು ಯಾರು?

ಆರ್ಡುಯಿನೊ ಬೋರ್ಡ್‌ಗೆ 100 ಎಲ್‌ಇಡಿಗಳ ಸ್ಟ್ರಿಪ್ ಜೋಡಿಸಿ, ಅದರಲ್ಲೇ ಒಂದು ಗಡಿಯಾರ ಮಾಡಲು ಹೊರಟವರಿಗೆ ಒಂದು ವಿಚಿತ್ರ ಕಾಣುತ್ತದೆ. ಬಣ್ಣಗಳು ಸರಿಯಾಗಿ ಬರುತ್ತವೆ, ಆದರೆ ಗಡಿಯಾರ ಹಿಂದೆ ಬೀಳುತ್ತದೆ. ಅದೂ ಗಂಟೆಗೆ ಮೂರ್ನಾಲ್ಕು ನಿಮಿಷ! ಕ್ರಿಸ್ಟಲ್ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಸ್ಟ್ರಿಪ್‌ಗೆ ಡೇಟಾ ಕಳಿಸುವಾಗಲೆಲ್ಲ ಪ್ರೊಸೆಸರ್ ಕಿವಿ ಮುಚ್ಚಿಕೊಂಡು ಕೂತಿರುತ್ತದೆ, ಅಷ್ಟೇ. ಹಾಗೆ ಕೂರಬೇಕಾಗಿ ಬಂದದ್ದು ಯಾಕೆ, ಅದರಿಂದ ಹೊರಬಂದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಬಂದ WS2801, LPD8806 ಥರದ ಚಿಪ್‌ಗಳಿಗೆ ಎರಡು ತಂತಿ ಇರುತ್ತಿದ್ದವು: ಒಂದು ಡೇಟಾಗೆ, ಒಂದು ಕ್ಲಾಕ್‌ಗೆ. ಕ್ಲಾಕ್ ತಂತಿ ಏರಿದಾಗ ಮಾತ್ರ ಚಿಪ್ ಡೇಟಾ ತಂತಿಯನ್ನು ನೋಡುತ್ತಿತ್ತು. ನಡುವೆ ಪ್ರೊಸೆಸರ್ ಬೇರೆ ಕೆಲಸಕ್ಕೆ ಹೋಗಿ ಬಂದರೂ ಏನೂ ಕೆಡುತ್ತಿರಲಿಲ್ಲ. ಆಮೇಲೆ ವರ್ಲ್ಡ್‌ಸೆಮಿ ಕಂಪನಿಯ WS2811 ಬಂತು. ಅದೇ ಚಿಪ್ಪನ್ನು ಎಲ್‌ಇಡಿಯ ಒಳಗೇ ಕೂರಿಸಿದ್ದು WS2812. ಇಲ್ಲಿ ಕ್ಲಾಕ್ ತಂತಿಯೇ ಇಲ್ಲ. ಒಂದು ತಂತಿ ಉಳಿಯಿತು, ಸ್ಟ್ರಿಪ್ ಅಗ್ಗವಾಯಿತು, ಎಲ್ಲ ಕಡೆ ಹಬ್ಬಿತು. ಆದರೆ ಕ್ಲಾಕ್ ಮಾಡುತ್ತಿದ್ದ ಕೆಲಸ ಎಲ್ಲೂ ಹೋಗಲಿಲ್ಲ. ಅದು ಮೈಕ್ರೋಕಂಟ್ರೋಲರ್‌ನ ತಲೆಗೆ ಬಂತು.

ಹೇಗೆ ಅಂದರೆ, ಇಲ್ಲಿ ಸೊನ್ನೆಯೂ ಒಂದೂ ಎರಡೂ ಪಲ್ಸ್‌ಗಳೇ. ಲೈನ್ ಮೇಲಕ್ಕೆ ಹೋಗುತ್ತದೆ, ಸ್ವಲ್ಪ ಹೊತ್ತು ಅಲ್ಲಿದ್ದು ಕೆಳಗಿಳಿಯುತ್ತದೆ. ಸುಮಾರು 0.4 ಮೈಕ್ರೋಸೆಕೆಂಡ್ ಮೇಲಿದ್ದರೆ ಅದು ಸೊನ್ನೆ, ಸುಮಾರು 0.8 ಇದ್ದರೆ ಒಂದು. ಇಡೀ ಬಿಟ್‌ಗೆ 1.25 ಮೈಕ್ರೋಸೆಕೆಂಡ್. ಒಂದು ಎಲ್‌ಇಡಿಗೆ ಹಸಿರು, ಕೆಂಪು, ನೀಲಿ ಈ ಕ್ರಮದಲ್ಲಿ 24 ಬಿಟ್ ಬೇಕು, ಅಂದರೆ 30 ಮೈಕ್ರೋಸೆಕೆಂಡ್. ಮೊದಲ ಎಲ್‌ಇಡಿ ತನ್ನ 24 ಬಿಟ್ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ. ದಾಟಿಸುವಾಗ ಪಲ್ಸನ್ನು ಹೊಸದಾಗಿ ತಿದ್ದಿ ಕೊಡುತ್ತದೆ. ಹಾಗಾಗಿ ಸ್ಟ್ರಿಪ್ ಎಷ್ಟು ಉದ್ದವಿದ್ದರೂ ಪಲ್ಸ್ ಹದಗೆಡುವುದಿಲ್ಲ. ಕೊನೆಗೆ ಲೈನ್ ಸ್ವಲ್ಪ ಹೆಚ್ಚು ಹೊತ್ತು ಕೆಳಗೇ ಇದ್ದರೆ ‘ಮುಗಿಯಿತು, ತೋರಿಸು’ ಎಂದರ್ಥ. ಇದನ್ನು ರಿಸೆಟ್ ಅನ್ನುತ್ತಾರೆ.

16 ಮೆಗಾಹರ್ಟ್ಸ್ ಆರ್ಡುಯಿನೊದಲ್ಲಿ ಒಂದು ಬಿಟ್‌ಗೆ ಸಿಗುವುದು ಬರೀ 20 ಸೈಕಲ್. ಮೊದಲ ಲೈಬ್ರರಿಗಳನ್ನು ಬರೆದವರು ಅಸೆಂಬ್ಲಿಯಲ್ಲಿ ಒಂದೊಂದು ಸೈಕಲ್ ಎಣಿಸಿ ಬರೆದರು. ನಡುವೆ ಒಂದು ಇಂಟರಪ್ಟ್, ಅಂದರೆ ‘ಕೈಯಲ್ಲಿರುವುದನ್ನು ಬಿಟ್ಟು ಮೊದಲು ಇದನ್ನು ನೋಡು’ ಎಂಬ ಕರೆ, ನುಗ್ಗಿದರೆ ಎಣಿಕೆ ತಪ್ಪುತ್ತದೆ. ಆದ್ದರಿಂದ ಡೇಟಾ ಹೋಗಿ ಮುಗಿಯುವ ತನಕ ಇಂಟರಪ್ಟ್‌ಗಳನ್ನೇ ಮುಚ್ಚಿಟ್ಟರು.

ಗಡಿಯಾರ ಹಿಂದೆ ಬಿದ್ದದ್ದು ಇಲ್ಲೇ. 100 ಎಲ್‌ಇಡಿಗೆ 3 ಮಿಲಿಸೆಕೆಂಡ್ ಬೇಕು. ಆರ್ಡುಯಿನೊದಲ್ಲಿ ಹೊತ್ತು ಹೇಳುವ `millis()` ಲೆಕ್ಕಕ್ಕೆ ಪ್ರತಿ 1.024 ಮಿಲಿಸೆಕೆಂಡಿಗೆ ಒಂದು ಇಂಟರಪ್ಟ್ ಬರಬೇಕು. ಮುಚ್ಚಿಟ್ಟ ಹೊತ್ತಿನಲ್ಲಿ ಸುಮಾರು ಮೂರು ಬರುತ್ತವೆ, ಆದರೆ ಹಾರ್ಡ್‌ವೇರ್ ನೆನಪಿಡುವುದು ಒಂದನ್ನೇ. ಉಳಿದ ಎರಡು ಕಳೆದುಹೋದವು. ಸೆಕೆಂಡಿಗೆ 30 ಸಲ ಬಣ್ಣ ಬದಲಿಸಿದರೆ ಹತ್ತಿರಹತ್ತಿರ 60 ಮಿಲಿಸೆಕೆಂಡ್ ಮಾಯ. ಲೈಬ್ರರಿ ಅದನ್ನು ತಾನಾಗಿ ತಿದ್ದದಿದ್ದರೆ ಗಡಿಯಾರ ಹಿಂದೆ ಬೀಳದೆ ಇನ್ನೇನಾಗುತ್ತದೆ? ಸೀರಿಯಲ್ ಪೋರ್ಟ್‌ದೂ ಇದೇ ಪಾಡು. 115200 ವೇಗದಲ್ಲಿ 87 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತದೆ. ಎತ್ತಿಕೊಳ್ಳುವವರಿಲ್ಲದೆ ಎರಡು ಮೂರು ಬೈಟ್ ಆದಮೇಲೆ ಬಂದದ್ದೆಲ್ಲ ಬಿದ್ದುಹೋಗುತ್ತದೆ.

2014ರ ಹೊತ್ತಿಗೆ ಕೆಲವು ಹವ್ಯಾಸಿಗಳು ಡೇಟಾಶೀಟನ್ನು ಪಕ್ಕಕ್ಕಿಟ್ಟು ಚಿಪ್ಪನ್ನೇ ಅಳೆದು ನೋಡಿದರು. ಡೇಟಾಶೀಟ್ ನಾಲ್ಕು ಸಮಯಗಳನ್ನು ಕೊಟ್ಟು, ಎಲ್ಲಕ್ಕೂ ಒಂದೇ ಕಟ್ಟುನಿಟ್ಟು ಇದೆ ಎಂಬಂತೆ ಬರೆದಿತ್ತು. ಆದರೆ ನಿಜವಾಗಿ ಬಿಗಿಯಾಗಿರುವುದು ಒಂದೇ: ಸೊನ್ನೆಯ ಪಲ್ಸ್ ಮೇಲಿರುವ ಹೊತ್ತು. ಅದು ಉದ್ದವಾದರೆ ಸೊನ್ನೆ ಒಂದಾಗಿಬಿಡುತ್ತದೆ. ಒಂದರ ಪಲ್ಸ್ ಸ್ವಲ್ಪ ಉದ್ದವಾದರೆ ಚಿಂತೆಯಿಲ್ಲ. ಎರಡು ಪಲ್ಸ್‌ಗಳ ನಡುವೆ ಲೈನ್ ಕೆಳಗಿರುವ ಹೊತ್ತೂ ರಿಸೆಟ್ ಮುಟ್ಟುವ ತನಕ ಹಿಗ್ಗಬಹುದು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಅತಿ ಮುಖ್ಯವಾದದ್ದು ಇದೇ, ಯಾಕೆಂದರೆ ತಪ್ಪನ್ನು ಕಣ್ಣಿನಿಂದಲೇ ಓದಲು ಇದು ಕಲಿಸುತ್ತದೆ. ಒಂದೇ ಒಂದು ಎಲ್‌ಇಡಿ ಆಗಾಗ ತಪ್ಪು ಬಣ್ಣ ಮಿನುಗಿಸಿದರೆ ಎಲ್ಲೋ ಒಂದು ಸೊನ್ನೆ ಹಿಗ್ಗಿದೆ. ಚಿತ್ರದ ಬಾಲದ ಭಾಗ ಬಂದು ಸ್ಟ್ರಿಪ್‌ನ ತಲೆಯಲ್ಲಿ ಕೂತಿದ್ದರೆ ನಡುವೆ ಲೈನ್ ಜಾಸ್ತಿ ಹೊತ್ತು ಕೆಳಗಿತ್ತು. ಚಿಪ್‌ಗಳು ಅದನ್ನು ರಿಸೆಟ್ ಅಂದುಕೊಂಡು ಮೊದಲಿನಿಂದ ಎಣಿಸಿವೆ. ಒಂದು ಜಾಗದಿಂದ ಆಚೆಗೆಲ್ಲ ಬಣ್ಣ ಕಲಸಿಹೋಗಿದ್ದರೆ ಒಂದು ಬಿಟ್ ಪೂರ್ತಿ ತಪ್ಪಿಹೋಗಿದೆ.

ಹಾಗಾದರೆ ಆ ಒಂದು ಬಿಗಿಯಾದ ಹೊತ್ತನ್ನು ಪ್ರೊಸೆಸರ್ ಯಾಕೆ ಕಾಯಬೇಕು? ಹೊತ್ತು ಎಣಿಸುವುದೇ ಕೆಲಸವಾಗಿರುವ ಟೈಮರ್ ಚಿಪ್ ಒಳಗೇ ಇದೆ ಅಲ್ವಾ? ಪಲ್ಸ್ ಎಷ್ಟು ಅಗಲ ಎಂಬ ಸಂಖ್ಯೆ ಕೊಟ್ಟರೆ ಅದು ಅಷ್ಟು ಅಗಲದ ಪಲ್ಸ್‌ಗಳನ್ನು ಕಳಿಸುತ್ತಲೇ ಇರುತ್ತದೆ, ಇದನ್ನೇ ಪಿಡಬ್ಲ್ಯುಎಂ ಅನ್ನುತ್ತಾರೆ. ಬಾಕಿ ಉಳಿಯುವುದು ಪ್ರತಿ 1.25 ಮೈಕ್ರೋಸೆಕೆಂಡಿಗೆ ಹೊಸ ಸಂಖ್ಯೆ ಕೊಡುವ ಕೆಲಸ. ಅದಕ್ಕೆ ಡಿಎಂಎ ಇದೆ. ಪ್ರೊಸೆಸರನ್ನು ಕೇಳದೆ ಮೆಮೊರಿಯಿಂದ ರಿಜಿಸ್ಟರ್‌ಗೆ ಸಂಖ್ಯೆ ಸಾಗಿಸುವುದೇ ಅದರ ಕೆಲಸ.

72 ಮೆಗಾಹರ್ಟ್ಸ್‌ನಲ್ಲಿ ಓಡುವ STM32F103 ಚಿಪ್ಪನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1.25 ಮೈಕ್ರೋಸೆಕೆಂಡ್ ಅಂದರೆ ಸರಿಯಾಗಿ 90 ಎಣಿಕೆ. ಸೊನ್ನೆಗೆ 29 ಎಣಿಕೆ ಕೊಟ್ಟರೆ 403 ನ್ಯಾನೋಸೆಕೆಂಡ್, ಒಂದಕ್ಕೆ 58 ಕೊಟ್ಟರೆ 806. WS2812ರ ನಂತರದ ರೂಪವಾದ WS2812B ಕೇಳುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಟೈಮರ್ ಓಡಿಸುವ ಮೊದಲು ಅದಕ್ಕೆ ಹೇಳಿಡಬೇಕಾದದ್ದು ಇಷ್ಟೇ:

```c
TIM2->PSC   = 0;
TIM2->ARR   = 89;
TIM2->CCR1  = 0;
TIM2->CCMR1 = (6 << 4) | TIM_CCMR1_OC1PE;
TIM2->CCER  = TIM_CCER_CC1E;
TIM2->DIER  = TIM_DIER_UDE;
```

ಬಣ್ಣದ ಪ್ರತಿ ಬೈಟನ್ನು ಎಂಟು ಸಂಖ್ಯೆಗಳಾಗಿ ಬಿಡಿಸಿಡಬೇಕು, ದೊಡ್ಡ ಬಿಟ್ ಮೊದಲು:

```c
for (int b = 7; b >= 0; b--)
    *p++ = ((c >> b) & 1) ? 58 : 29;
```

ಮೇಲಿನ ಕೋಡ್‌ನಲ್ಲಿರುವ `OC1PE` ಅನ್ನು ಮರೆಯಬಾರದು. ಅದಿದ್ದರೆ ಡಿಎಂಎ ತಂದ ಸಂಖ್ಯೆ ಕೂಡಲೇ ಜಾರಿಗೆ ಬರುವುದಿಲ್ಲ, ಮುಂದಿನ ಬಿಟ್ ಶುರುವಾಗುವ ತನಕ ಹೊಸ್ತಿಲಲ್ಲಿ ಕಾಯುತ್ತದೆ. ಅಂದರೆ ಸಂಖ್ಯೆ ತಂದಿಡಲು ಡಿಎಂಎಗೆ ಪೂರ್ತಿ ಒಂದು ಬಿಟ್‌ನಷ್ಟು ಬಿಡುವು ಸಿಗುತ್ತದೆ. ಇದನ್ನು ಬಿಟ್ಟರೂ ಎಷ್ಟೋ ಸಲ ಸ್ಟ್ರಿಪ್ ಸರಿಯಾಗಿಯೇ ಉರಿಯುತ್ತದೆ. ಆಮೇಲೆ ಯಾವತ್ತೋ ಇನ್ನೊಂದು ಡಿಎಂಎ ಚಾನೆಲ್ ಬ್ಯುಸಿಯಾದಾಗ ಸಂಖ್ಯೆ ತಡವಾಗಿ, ಪಲ್ಸ್‌ನ ನಡುವೆ ಬಂದು ಬೀಳುತ್ತದೆ. ಆಗ ಶುರುವಾಗುವ ಮಿನುಗಿಗೆ ಕಾರಣ ಹುಡುಕುವುದು ಬಹಳ ಕಷ್ಟ.

ಇದೇ ಕಾಯುವಿಕೆಯಿಂದ ಇನ್ನೊಂದು ತೊಡಕು ಬರುತ್ತದೆ. ‘ಎಲ್ಲ ಸಾಗಿಸಿ ಆಯಿತು’ ಎಂದು ಡಿಎಂಎ ಹೇಳಿದಾಗ ಕೊನೆಯ ಬಿಟ್ ಇನ್ನೂ ತಂತಿಗೆ ಇಳಿದೇ ಇರುವುದಿಲ್ಲ. ಆಗಲೇ ಟೈಮರ್ ನಿಲ್ಲಿಸಿದರೆ ಕೊನೆಯ ಎಲ್‌ಇಡಿಯ ನೀಲಿಯ ಬಾಲ ಕತ್ತರಿಸಿಹೋಗುತ್ತದೆ, ಲೈನ್ ಮೇಲೆಯೇ ಸಿಕ್ಕಿಕೊಳ್ಳಲೂಬಹುದು. ನಿಲ್ಲಿಸದೇ ಇದ್ದರೆ ಟೈಮರ್ ಕೊನೆಯ ಪಲ್ಸನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ, ರಿಸೆಟ್ ಆಗುವುದೇ ಇಲ್ಲ. ಇದಕ್ಕೆ ಸುಲಭದ ದಾರಿ ಡೇಟಾದ ಕೊನೆಗೆ ಸೊನ್ನೆ ಅಗಲದ ಸಂಖ್ಯೆಗಳನ್ನು ಸೇರಿಸುವುದು. ಲೈನ್ ತಾನಾಗಿ ಕೆಳಗಿರುತ್ತದೆ, ರಿಸೆಟ್ ಕೂಡ ಅದರಲ್ಲೇ ಆಗಿಹೋಗುತ್ತದೆ.

ಎಷ್ಟು ಸೇರಿಸಬೇಕು ಎಂಬುದಕ್ಕೂ ಒಂದು ಹಿನ್ನೆಲೆ ಇದೆ. ಹಳೆಯ ಡೇಟಾಶೀಟ್ 50 ಮೈಕ್ರೋಸೆಕೆಂಡ್ ಸಾಕು ಅನ್ನುತ್ತಿತ್ತು. WS2812Bಯ ಮುಂದಿನ ಆವೃತ್ತಿಗಳಲ್ಲಿ ಅದು 280ಕ್ಕೆ ಏರಿತು, ಹೆಸರು ಮಾತ್ರ ಹಾಗೇ ಉಳಿಯಿತು. ವರ್ಷಗಟ್ಟಲೆ ಕೆಲಸ ಮಾಡಿದ್ದ ಕೋಡ್, ಅದೇ ಹೆಸರಿನ ಹೊಸ ಸ್ಟ್ರಿಪ್ ಹಾಕಿದ ದಿನ ಕೈಕೊಟ್ಟಿತು. ಬಿಡುವು ಸಾಲದೆ ಚಿಪ್‌ಗಳು ಎರಡನೆಯ ಚಿತ್ರವನ್ನೂ ಮೊದಲನೆಯದರ ಮುಂದುವರಿಕೆ ಅಂದುಕೊಂಡವು. 240 ಸೊನ್ನೆ ಸೇರಿಸಿದರೆ 300 ಮೈಕ್ರೋಸೆಕೆಂಡ್ ಆಗುತ್ತದೆ, ಹಳೆಯದಕ್ಕೂ ಹೊಸದಕ್ಕೂ ಸಾಕು.

ಡಿಎಂಎ ದಾರಿಯಲ್ಲಿ ಬೆಲೆ ತೆರುವುದು ಮೆಮೊರಿಯಲ್ಲಿ. ಮೂರು ಬೈಟ್‌ನ ಬಣ್ಣ 24 ಸಂಖ್ಯೆಗಳಾಗುತ್ತದೆ. ರಿಜಿಸ್ಟರ್ 16 ಬಿಟ್‌ನದು ಎಂದು ಸುಮ್ನೆ 16 ಬಿಟ್‌ನ ಬಫರ್ ಇಟ್ಟರೆ ಒಂದು ಎಲ್‌ಇಡಿಗೆ 48 ಬೈಟ್ ಬೇಕು. ಈ ಚಿಪ್‌ನ ಡಿಎಂಎ ಬೈಟ್ ಓದಿ 16 ಬಿಟ್ ಆಗಿ ಬರೆಯಬಲ್ಲದು, ಹಾಗಾಗಿ 24 ಬೈಟ್ ಸಾಕು. 300 ಎಲ್‌ಇಡಿಗೆ 7200 ಬೈಟ್. ಆದರೆ 1000 ಎಲ್‌ಇಡಿಗೆ 24000 ಬೈಟ್ ಬೇಕು, ಈ ಚಿಪ್‌ನ ಸಾಮಾನ್ಯ ಮಾದರಿಯಲ್ಲಿ ಇರುವುದು ಒಟ್ಟು 20 ಕಿಲೋಬೈಟ್.

ಆಗ ಸುತ್ತು ಬಫರ್ ಬೇಕು. 16 ಎಲ್‌ಇಡಿಗಾಗುವಷ್ಟು, ಅಂದರೆ 384 ಬೈಟ್‌ನ ಬಫರ್ ಮಾಡಿ, ಡಿಎಂಎಗೆ ಅದರಲ್ಲೇ ಸುತ್ತುತ್ತಿರಲು ಹೇಳುವುದು. ಅದು ಅರ್ಧ ದಾಟಿದಾಗ ಒಂದು ಇಂಟರಪ್ಟ್, ಮುಗಿಸಿದಾಗ ಇನ್ನೊಂದು. ಡಿಎಂಎ ಒಂದು ಅರ್ಧವನ್ನು ಕಳಿಸುತ್ತಿರುವಾಗ ಪ್ರೊಸೆಸರ್ ಇನ್ನೊಂದು ಅರ್ಧವನ್ನು ತುಂಬುತ್ತದೆ. ಹೀಗೆ ಮಾಡಿದರೆ ಪ್ರೊಸೆಸರ್‌ಗೆ ಸಿಗುವ ಗಡುವು 8 ಎಲ್‌ಇಡಿಯಷ್ಟು, ಅಂದರೆ 240 ಮೈಕ್ರೋಸೆಕೆಂಡ್. ಹಿಂದೆ ನ್ಯಾನೋಸೆಕೆಂಡ್‌ಗಳಲ್ಲಿ ಕೈ ಸೋತ ಕೆಲಸಕ್ಕೆ ಈಗ ಇಷ್ಟು ಬಿಡುವು! ಇಷ್ಟಿದ್ದೂ ಬೇರೆ ಯಾವುದೋ ಇಂಟರಪ್ಟ್ ಜಾಸ್ತಿ ಹೊತ್ತು ತಡೆದರೆ ಡಿಎಂಎ ಹಳೆಯ ಅರ್ಧವನ್ನೇ ಇನ್ನೊಮ್ಮೆ ಕಳಿಸುತ್ತದೆ. ಅದರ ಗುರುತೂ ಸ್ಪಷ್ಟ: 16 ಎಲ್‌ಇಡಿ ಹಿಂದಿನ ಬಣ್ಣಗಳೇ ಮತ್ತೆ ಕಾಣುತ್ತವೆ.

ಬೇರೆ ಚಿಪ್‌ಗಳಲ್ಲಿ ಇದೇ ವಿಚಾರ ಬೇರೆ ರೂಪದಲ್ಲಿ ಬಂತು. ಟೈಮರ್ ಬಿಡುವಿಲ್ಲದ ಕಡೆ, ಬಿಟ್‌ಗಳನ್ನು ಸಾಲಾಗಿ ಹೊರಗೆ ಕಳಿಸುವ ಎಸ್‌ಪಿಐ ಘಟಕ ಬಳಸಿದರು. 2.4 ಮೆಗಾಹರ್ಟ್ಸ್‌ನಲ್ಲಿ ಸೊನ್ನೆಗೆ `100`, ಒಂದಕ್ಕೆ `110` ಕಳಿಸಿದರೆ ಪಲ್ಸ್ ತಾನಾಗಿ ಸರಿಹೋಗುತ್ತದೆ. ಇಎಸ್‌ಪಿ32ರಲ್ಲಿ ರಿಮೋಟ್ ಕಂಟ್ರೋಲ್ ಸಿಗ್ನಲ್‌ಗೆಂದು ಇಟ್ಟಿದ್ದ ಆರ್‌ಎಂಟಿ ಘಟಕ ಈ ಕೆಲಸಕ್ಕೆ ಬಂತು. 2021ರಲ್ಲಿ ಬಂದ RP2040 ಚಿಪ್‌ನಲ್ಲಿ ಪಿನ್‌ಗಳನ್ನು ತಾನೇ ಏರಿಸಿ ಇಳಿಸುವ ಪಿಐಒ ಘಟಕಕ್ಕೆ ನಾಲ್ಕೇ ಸಾಲಿನ ಪುಟ್ಟ ಪ್ರೋಗ್ರಾಂ ಸಾಕು.

ಆದರೆ ಇವು ಯಾವುವೂ ತಂತಿಯ ವೇಗವನ್ನು ಹೆಚ್ಚಿಸಲಾರವು. 1000 ಎಲ್‌ಇಡಿಗೆ 30 ಮಿಲಿಸೆಕೆಂಡ್ ಬೇಕೇ ಬೇಕು, ಸೆಕೆಂಡಿಗೆ 33 ಚಿತ್ರ ದಾಟುವುದಿಲ್ಲ. ಇದನ್ನು ಮೊದಮೊದಲಲ್ಲೇ ಕಂಡವರು ಟೀನ್ಸಿ ಬೋರ್ಡ್‌ನ ಪಾಲ್ ಸ್ಟಾಫ್ರೆಗನ್. ಅವರ ಆಕ್ಟೋ WS2811 ಲೈಬ್ರರಿ ಎಂಟು ಸ್ಟ್ರಿಪ್‌ಗಳಿಗೆ ಒಟ್ಟಿಗೇ ಡೇಟಾ ಕಳಿಸುತ್ತದೆ, ಅದಕ್ಕಾಗಿ ಒಂದು ಬಿಟ್‌ಗೆ ಡಿಎಂಎಯನ್ನು ಮೂರು ಸಲ ಎಬ್ಬಿಸುತ್ತದೆ. ಮೊದಲ ಸಲ ಎಂಟೂ ಲೈನ್‌ಗಳು ಒಟ್ಟಿಗೆ ಮೇಲೇರುತ್ತವೆ. ಎರಡನೆಯ ಸಲ ಸೊನ್ನೆ ಇರುವ ಲೈನ್‌ಗಳು ಮಾತ್ರ ಇಳಿಯುತ್ತವೆ. ಮೂರನೆಯ ಸಲ ಎಲ್ಲವೂ ಇಳಿಯುತ್ತವೆ. ಆ 1000 ಎಲ್‌ಇಡಿಗಳನ್ನು 125ರಂತೆ ಎಂಟು ಸಾಲು ಮಾಡಿದರೆ ಒಂದು ಚಿತ್ರಕ್ಕೆ ಸುಮಾರು ನಾಲ್ಕು ಮಿಲಿಸೆಕೆಂಡ್ ಸಾಕು.