ಪಿಎಸ್4 ತಾರೀಖು ಯಾಕ ರೀಸೆಟ್ ಆಗ್ತದ, ಸೆಲ್ ಸತ್ರ ಆಟ ಯಾಕ ನಿಲ್ತಿದ್ವು

ಹುಬ್ಬಳ್ಳ್ಯಾಗ ಸೋನಿಯ ಗೇಮ್ ಮಷೀನ್ ಪಿಎಸ್4 ಸೆಕೆಂಡ್ ಹ್ಯಾಂಡ್ ತಗೊಂಡವ್ರು ಬಾಳ ಮಂದಿ ಹೇಳೋದು ಒಂದ ಮಾತು, ರಾತ್ರಿ ಬೋರ್ಡ್ ಸ್ವಿಚ್ ಆಫ್ ಮಾಡಿ ಮಲಗಿದ್ರ ಮುಂಜಾನೆ ತಾರೀಖು ಟೈಮ್ ಎರಡೂ ತಪ್ಪಿರ್ತಾವ ಅಂತ. ಸ್ವಿಚ್ ಆಫ್ ಮಾಡ್ದ ಹಂಗ ಬಿಟ್ರ ಏನೂ ಆಗಂಗಿಲ್ಲ, ಯಾಕಂದ್ರ ಪ್ಲಗ್‌ನಾಗ ಕರೆಂಟ್ ಇರೋತನಕ ಒಳಗಿನ ಗಡಿಯಾರ ಅದರ ಮ್ಯಾಲೇ ಓಡ್ತದ. ಕರೆಂಟ್ ಹೋದಾಗ ಅದನ್ನ ಹಿಡಿದಿಡೋದು ಮದರ್‌ಬೋರ್ಡ್ ಮ್ಯಾಲಿನ ಒಂದು ಸಿಆರ್2032 ಸೆಲ್, 3 ವೋಲ್ಟ್‌ದು, ಕಂಪ್ಯೂಟರ್‌ನಾಗ ಇರ್ತದಲ್ಲ ಅದ. ಪಿಎಸ್4 ಬಂದಿದ್ದು 2013ರಾಗ, ಅಂದ್ರ ಮೊದಲನೇ ಮಾಡೆಲ್‌ಗಳ ಸೆಲ್ ಈಗ ಮುಗಿಯೋ ವಯಸ್ಸಿಗೆ ಬಂದಾವ.

ಟೈಮ್ ತಪ್ಪಿದ್ರ ಏನಾತು, ಸೆಟ್ಟಿಂಗ್ಸ್‌ಗೆ ಹೋಗಿ ಸರಿ ಮಾಡಿದ್ರಾತು ಅನಸ್ತದ. ಅಲ್ಲೇ ಇರೋದು ಮಜಾ. ಇದರಾಗ ಗಡಿಯಾರ ಎರಡು ಅದಾವ ಅಂತ ತಿಳ್ಕೋರಿ, ಒಂದು ನಮಗ ಕಾಣೋದು, ನಾವು ಬೇಕಾದಂಗ ತಿರುಗಸ್ಬಹುದು. ಇನ್ನೊಂದು ಒಳಗಿಂದು, ಅದಕ್ಕ ನಮ್ಮ ಕೈ ಹತ್ತಂಗಿಲ್ಲ, ಸೋನಿಯ ಆನ್‌ಲೈನ್ ಜಾಲ ಪಿಎಸ್‌ಎನ್‌ನ ಸರ್ವರ್‌ಗೆ ಕನೆಕ್ಟ್ ಆದಾಗಷ್ಟ ಅದು ಸರಿ ಆಗ್ತದ. ಹಿಂಗ ಯಾಕಂದ್ರ ಟ್ರೋಫಿ ಸಲುವಾಗಿ, ಅಂದ್ರ ಆಟದಾಗ ಏನರ ಸಾಧಿಸಿದಾಗ ಸಿಗೋ ಬಹುಮಾನದ ಗುರುತು. 2008ರ ಜುಲೈದಾಗ ಹಿಂದಿನ ಮಷೀನ್ ಪಿಎಸ್3ಗೆ 2.40 ಅಪ್‌ಡೇಟ್ ಜೋಡಿ ಟ್ರೋಫಿ ಬಂದ್ವು, ಪ್ರತಿ ಟ್ರೋಫಿಗೂ ಯಾವಾಗ ಗೆದ್ದಿ ಅನ್ನೋ ತಾರೀಖು ಬೀಳ್ತದ. ನಾವ ತಾರೀಖು ಹಿಂದ ಮುಂದ ಮಾಡಿ ಮೋಸ ಮಾಡಬಾರದಲ್ಲ, ಅದಕ್ಕ ಒಳಗಿನ ಗಡಿಯಾರದ ಮ್ಯಾಲ ಭಾರ ಹಾಕಿದ್ರು.

ಆ ಗಡಿಯಾರ ಕೈ ಕೊಟ್ರ ಏನಾಗ್ತದ ಅಂತ 2010ರ ಮಾರ್ಚ್ 1ಕ್ಕ ಗೊತ್ತಾತು. ಸ್ಲಿಮ್ ಬಿಟ್ಟು ಹಳೆ ದಪ್ಪ ಪಿಎಸ್3ಗಳ ಒಳಗಡಿಯಾರ 2010ನ್ನ ಲೀಪ್ ವರ್ಷ ಅಂತ ತಿಳ್ಕೊಂಡಿತ್ತು, ಫೆಬ್ರವರಿ 28 ಆದಮ್ಯಾಲ ಇಲ್ಲದ 29ಕ್ಕ ಹೋಗಿ ನಿಂತು ತಾರೀಖು ಹಳೇದಕ್ಕ ಹೊಳ್ಳಿ, 8001050F ಅಂತ ಎರರ್, ಎಷ್ಟೋ ಆಟ ಚಾಲೂನ ಆಗಲಿಲ್ಲ, ಟ್ರೋಫಿ ಸಿಂಕ್ ಆಗಲಿಲ್ಲ. ಪಿಎಸ್3 ಹಚ್ಚಬ್ಯಾಡ್ರಿ ಅಂತ ಸೋನಿನ ಹೇಳಬೇಕಾತು. ಮರುದಿನ ಗಡಿಯಾರ ಆ ಸುಳ್ಳು ದಿನ ದಾಟಿದ ಮ್ಯಾಲ ತನ್ನಷ್ಟಕ್ಕ ತಾನ ಸರಿ ಹೋತು. ಅಲ್ಲಿ ಸೆಲ್ ಚಲೋನ ಇತ್ತು ಖರೆ, ಆದ್ರ ಒಂದು ತಾರೀಖಿನ ಮ್ಯಾಲ ಇಡೀ ಆಟ ನಿಂತಿರ್ತದ ಅನ್ನೋದು ಅವತ್ತ ಕಂಡಿತ್ತು. ಆದ್ರೂ ಪಿಎಸ್4ದಾಗ ಅದನ್ನ ಇನ್ನಷ್ಟು ಬಿಗಿ ಮಾಡಿದ್ರು, ಇದು ನನಗ ಇವತ್ತಿಗೂ ತಿಳಿಯಂಗಿಲ್ಲ.

ಪಿಎಸ್4ದಾಗ ಸೆಲ್ ಸತ್ತು, ಪ್ಲಗ್ ತಗದು, ನೆಟ್ ಇಲ್ದ ಹಚ್ಚಿದ್ರ ಆಟ ಚಾಲೂ ಆಗೋ ಹೊತ್ತಿಗೆ CE-34878-0 ಅಂತ ಎರರ್ ಬರ್ತಿತ್ತು. ಡೌನ್‌ಲೋಡ್ ಆಟ ಅಷ್ಟ ಅಲ್ಲ, ರೊಕ್ಕ ಕೊಟ್ಟು ತಂದ ಡಿಸ್ಕೂ ಓಡ್ತಿರಲಿಲ್ಲ. ಈ ನಂಬರ್ ಬ್ಯಾರೆ ಕಾರಣಕ್ಕೂ ಬರ್ತದ, ಸೇವ್ ಫೈಲ್ ಕೆಟ್ರೂ ಬರಬಹುದು, ಹಂಗಾಗಿ ಒಂದ ಆಟಕ್ಕ ಬಂದ್ರ ಸೆಲ್ ಮ್ಯಾಲ ಅನುಮಾನ ಪಡಬ್ಯಾಡ್ರಿ. ಎಲ್ಲಾ ಆಟಕ್ಕೂ ಬಂದು, ತಾರೀಖೂ ತಪ್ಪಿದ್ರ ಇದ.

2021ರ ಮಾರ್ಚ್‌ದಾಗ ಪಿಎಸ್3 ಮತ್ತ ಕೈಯಾಗ ಹಿಡಿಯೋ ಮಷೀನ್ ವೀಟಾದ ಆನ್‌ಲೈನ್ ಸ್ಟೋರ್ ಬಂದ್ ಮಾಡ್ತೀವಿ ಅಂತ ಸೋನಿ ಹೇಳಿದಾಗ ಮಂದಿಗೆ ಹೆದರಿಕಿ ಹತ್ತಿತು, ಮುಂದೊಂದಿನ ಪಿಎಸ್‌ಎನ್ನ ಬಂದ್ ಆದ್ರ ಸೆಲ್ ಸತ್ತ ಪಿಎಸ್4 ಎಲ್ಲಾ ಗುಜರಿಗೇನ? ಹೊಸಾ ಸೆಲ್ ಹಾಕಿದ್ರೂ ಒಮ್ಮೆ ಸರ್ವರ್‌ಗೆ ಕನೆಕ್ಟ್ ಆಗಬೇಕಲ್ಲ. ಗದ್ದಲ ಆತು, ಏಪ್ರಿಲ್‌ದಾಗ ಸ್ಟೋರ್ ಬಂದ್ ಮಾಡೋ ಮಾತು ಹಿಂದ ತಗೊಂಡ್ರು, ಸೆಪ್ಟೆಂಬರ್‌ದಾಗ ಪಿಎಸ್4ಗೆ ಬಂದ 9.00 ಅಪ್‌ಡೇಟ್‌ನಾಗ ಈ ತ್ರಾಸೂ ಹೋತು. ಅಪ್‌ಡೇಟ್ ಪಟ್ಟಿಯಾಗ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಪರೀಕ್ಷೆ ಮಾಡಿದವ್ರು ಹೇಳಿದಮ್ಯಾಲ ಗೊತ್ತಾತು. ಈಗ ಟೈಮ್ ತಪ್ಪಿದ್ರೂ ಆಟ ಓಡ್ತಾವ.

ಹಂಗಾಗಿ ಹಳೆ ಪಿಎಸ್4 ತಗೊಂಡ್ರ ಮೊದ್ಲ ಸೆಟ್ಟಿಂಗ್ಸ್‌ನಾಗ ಸಾಫ್ಟ್‌ವೇರ್ ವರ್ಷನ್ ನೋಡ್ರಿ. 9.00ಕ್ಕಿಂತ ಕಡಿಮಿ ಇದ್ದು ಮನ್ಯಾಗ ನೆಟ್ ಇಲ್ಲಂದ್ರ, ಸೋನಿ ಸೈಟ್‌ನಿಂದ ಫೈಲ್ ಇಳಿಸಿ ಪೆನ್‌ಡ್ರೈವ್‌ನಾಗ ಹಿಂಗ ಇಡಬೇಕು:

```
PS4/UPDATE/PS4UPDATE.PUP
```

ಸೆಲ್ ಬದಲಿ ಮಾಡ್ಸೋದಿದ್ರ ಬಾಕ್ಸ್ ಬಿಚ್ಚಿ ಮದರ್‌ಬೋರ್ಡ್‌ತನಕ ಹೋಗಬೇಕಾಗ್ತದ, ಕೈ ರೂಢಿ ಇಲ್ಲಂದ್ರ ರಿಪೇರಿ ಅಂಗಡಿಗೆ ಕೊಡ್ರಿ. ಕೆಲವು ಮಾಡೆಲ್‌ನಾಗ ಹೋಲ್ಡರ್ ಇರ್ತದ, ಕೆಲವದರಾಗ ವೈರ್ ಹಚ್ಚಿದ ಸೆಲ್ ಇರ್ತದ, ಬಿಚ್ಚಿ ನೋಡಿ ತರ್ರಿ. ಎಲ್‌ಐಆರ್2032 ಅಂತ ಚಾರ್ಜ್ ಆಗೋದು ಒಂದು ಸಿಗ್ತದ, ನೋಡಾಕ ಒಂದ ಥರ, ಅದರ ವೋಲ್ಟೇಜ್ ಜಾಸ್ತಿ, ಅದನ್ನ ಹಾಕಬ್ಯಾಡ್ರಿ. ಹಾಕಿದ ಮ್ಯಾಲ ಒಮ್ಮೆ ಫೋನ್ ಹಾಟ್‌ಸ್ಪಾಟ್ ಕೊಟ್ಟು ಪಿಎಸ್‌ಎನ್‌ಗೆ ಸೈನ್ ಇನ್ ಮಾಡ್ರಿ, ಆಮ್ಯಾಲ ರಾತ್ರಿಯಿಡೀ ಬೋರ್ಡ್ ಸ್ವಿಚ್ ಆಫ್ ಮಾಡಿ ನೋಡ್ರಿ, ಟೈಮ್ ತಪ್ಪದಿದ್ರ ಕೆಲಸ ಆತು.